ಕ್ರೆಡಿಟ್ ಕಾರ್ಡ್ ಬಾಕಿ ವರ್ಗಾವಣೆ: ಶೂನ್ಯ ಬಡ್ಡಿಯ ಅರವತ್ತು ದಿನಗಳು ಮುಗಿದ ಮೇಲೆ

ಒಂದು ಬ್ಯಾಂಕಿನ ಕ್ರೆಡಿಟ್ ಕಾರ್ಡಿನಲ್ಲಿ ಉಳಿದಿರುವ ಸಾಲವನ್ನು ಮತ್ತೊಂದು ಬ್ಯಾಂಕಿನ ಕಾರ್ಡಿಗೆ ಸಾಗಿಸುವ ವ್ಯವಸ್ಥೆಗೆ ಬ್ಯಾಲೆನ್ಸ್ ಟ್ರಾನ್ಸ್‌ಫರ್, ಅಂದರೆ ಬಾಕಿ ವರ್ಗಾವಣೆ, ಎಂದು ಹೆಸರು. ಹೊಸ ಕಾರ್ಡಿನ ವಿತರಕರು ಹಳೆಯ ಕಾರ್ಡಿನ ಬಾಕಿಯನ್ನು ತಾವು ಕಟ್ಟುತ್ತಾರೆ. ಗ್ರಾಹಕರು ಇನ್ನು ಮುಂದೆ ಆ ಹಣವನ್ನು ಹೊಸಬರಿಗೆ ತೀರಿಸಬೇಕು. ನಿಗದಿತ ದಿನಗಳವರೆಗೆ ಬಡ್ಡಿ ಇಲ್ಲ, ಅಥವಾ ಬಹಳ ಕಡಿಮೆ ಬಡ್ಡಿ ಎಂಬುದು ಇದರ ಆಕರ್ಷಣೆ. ದೂರವಾಣಿ ಕರೆ, ಮೊಬೈಲ್ ಸಂದೇಶ, ಇ-ಮೇಲ್‌ಗಳ ಮೂಲಕ ಈ ಆಹ್ವಾನ ಮನೆಬಾಗಿಲಿಗೆ ಬರುತ್ತದೆ. ಕಾರ್ಡಿನ ಬಡ್ಡಿಯಲ್ಲಿ ಸಿಲುಕಿರುವವರಿಗೆ ಇದು ದೊಡ್ಡ ಬಿಡುಗಡೆಯಂತೆ ಕಾಣುವುದು ಸಹಜ.

ಈ ಕೊಡುಗೆ ಮೋಸವಲ್ಲ. ಸರಿಯಾದ ಸನ್ನಿವೇಶದಲ್ಲಿ ಅದು ನಿಜವಾಗಿಯೂ ಹಣ ಉಳಿಸುತ್ತದೆ. ಆದರೆ ಅದರ ಬೆಲೆ ಅಡಗಿರುವುದು ಎರಡು ಸ್ಥಳಗಳಲ್ಲಿ: ಆರಂಭದಲ್ಲೇ ವಸೂಲಾಗುವ ಸಂಸ್ಕರಣಾ ಶುಲ್ಕದಲ್ಲಿ ಮತ್ತು ರಿಯಾಯಿತಿ ಅವಧಿ ಮುಗಿದ ಮರುದಿನದಿಂದ ಮರಳಿ ಬರುವ ಮಾಮೂಲು ಬಡ್ಡಿಯಲ್ಲಿ. ಇವೆರಡನ್ನೂ ಲೆಕ್ಕಕ್ಕೆ ತೆಗೆದುಕೊಂಡಾಗ, ಶೂನ್ಯ ಬಡ್ಡಿಯ ಕೊಡುಗೆಗಿಂತ ಬಡ್ಡಿ ಸಹಿತವಾದ ಸಾಮಾನ್ಯ ಕಂತಿನ ಸಾಲವೇ ಅಗ್ಗವಾಗುವ ಪ್ರಸಂಗಗಳು ಸಾಕಷ್ಟಿವೆ. ಅದು ಹೇಗೆಂಬುದನ್ನು ಅಂಕಿಗಳ ಸಹಿತ ಇಲ್ಲಿ ವಿವರಿಸಲಾಗಿದೆ.

ಎರಡು ಬಗೆಯ ವರ್ಗಾವಣೆ

ನಮ್ಮ ದೇಶದಲ್ಲಿ ಬಾಕಿ ವರ್ಗಾವಣೆಗೆ ಮುಖ್ಯವಾಗಿ ಎರಡು ರೂಪಗಳಿವೆ. ಮೊದಲನೆಯದು ಅವಧಿ ಆಧಾರಿತ. ಇದರಲ್ಲಿ 60, 90 ಅಥವಾ 180 ದಿನಗಳಂತಹ ಒಂದು ಗಡುವು ಇರುತ್ತದೆ. ಆ ಗಡುವಿನೊಳಗೆ ವರ್ಗಾಯಿಸಿದ ಮೊತ್ತಕ್ಕೆ ರಿಯಾಯಿತಿ ದರ ಅನ್ವಯಿಸುತ್ತದೆ. ಗಡುವು ಚಿಕ್ಕದಾದಷ್ಟೂ ದರ ಶೂನ್ಯಕ್ಕೆ ಹತ್ತಿರವಾಗಿರುತ್ತದೆ ಮತ್ತು ಶುಲ್ಕ ಇರುತ್ತದೆ. ಗಡುವು ದೊಡ್ಡದಾದರೆ ಶುಲ್ಕದ ಬದಲು ತಿಂಗಳ ಬಡ್ಡಿಯನ್ನೇ ವಿಧಿಸುವ ರೂಢಿಯೂ ಇದೆ. ಗಡುವಿನ ನಂತರ ಉಳಿದ ಹಣಕ್ಕೆ ಕಾರ್ಡಿನ ಮಾಮೂಲು ಬಡ್ಡಿ ಬೀಳುತ್ತದೆ.

ಎರಡನೆಯದು ಕಂತು ಆಧಾರಿತ. ವರ್ಗಾಯಿಸಿದ ಮೊತ್ತವನ್ನು 6, 12 ಅಥವಾ 24 ತಿಂಗಳ ಸಮಾನ ಕಂತುಗಳಾಗಿ ವಿಭಜಿಸಿ, ಪ್ರತಿ ತಿಂಗಳ ಬಿಲ್ಲಿನಲ್ಲಿ ಸೇರಿಸಲಾಗುತ್ತದೆ. ಇಲ್ಲಿ ಬಡ್ಡಿ ಇದ್ದೇ ಇರುತ್ತದೆ, ಆದರೆ ಕೊನೆಯ ಕಂತಿನೊಂದಿಗೆ ಸಾಲವೂ ಮುಗಿಯುತ್ತದೆ. ಗಡುವು ಮುಗಿಯುತ್ತಲೇ ಬಡ್ಡಿ ಹಠಾತ್ತನೆ ಏರುವ ಅಪಾಯ ಮೊದಲನೆಯ ರೂಪಕ್ಕೆ ಸೇರಿದ್ದು. ದೂರವಾಣಿಯಲ್ಲಿ ಮಾತನಾಡುವವರು ಎರಡಕ್ಕೂ ಒಂದೇ ಹೆಸರು ಬಳಸುವುದರಿಂದ, ತಮಗೆ ನೀಡುತ್ತಿರುವುದು ಯಾವುದು ಎಂಬುದನ್ನು ಗ್ರಾಹಕರೇ ಕೇಳಿ ಖಚಿತಪಡಿಸಿಕೊಳ್ಳಬೇಕು.

ಅಂತರ್ಜಾಲದಲ್ಲಿ ಸಿಗುವ ಬಹಳಷ್ಟು ಸಲಹೆಗಳು ಅಮೆರಿಕದ ಮಾರುಕಟ್ಟೆಗೆ ಸಂಬಂಧಿಸಿದವು. ಅಲ್ಲಿ ಶೂನ್ಯ ಬಡ್ಡಿಯ ಅವಧಿ ಒಂದು ವರ್ಷವನ್ನೂ ಮೀರಿ ಇರುವುದುಂಟು. ಅಲ್ಲಿ ನೆಲೆಸಿರುವ ಕನ್ನಡಿಗರಿಗೆ ಆ ಸಲಹೆ ಉಪಯುಕ್ತವಾದೀತು. ಎರಡು ತಿಂಗಳ ಗಡುವಿರುವ ಇಲ್ಲಿನ ಕೊಡುಗೆಗೆ ಅದೇ ಲೆಕ್ಕಾಚಾರವನ್ನು ಅನ್ವಯಿಸಿದರೆ ನಷ್ಟ ಖಂಡಿತ.

ಹಳೆಯ ಕಾರ್ಡಿನ ಬಡ್ಡಿ ಎಷ್ಟು?

ವರ್ಗಾವಣೆಯ ಲಾಭ-ನಷ್ಟ ತಿಳಿಯಲು ಮೊದಲು ಈಗಿನ ಬಡ್ಡಿ ಎಷ್ಟೆಂದು ಗೊತ್ತಿರಬೇಕು. ಹಲವು ಕಾರ್ಡುಗಳಲ್ಲಿ ಅದು ತಿಂಗಳಿಗೆ ಶೇ 3.5ರಿಂದ 3.75ರ ಆಸುಪಾಸಿನಲ್ಲಿದೆ. ತಿಂಗಳಿಗೆ ಶೇ 3.5 ಎಂದರೆ ವರ್ಷಕ್ಕೆ ಶೇ 42. ಇದರ ಮೇಲೆ ಶೇ 18ರಷ್ಟು ಸರಕು ಮತ್ತು ಸೇವಾ ತೆರಿಗೆ ಬೀಳುತ್ತದೆ. ಸಾಲದ ಮೇಲಿನ ಬಡ್ಡಿಗೆ ಸಾಮಾನ್ಯವಾಗಿ ಜಿಎಸ್‌ಟಿ ಇಲ್ಲ. ಆದರೆ ಕ್ರೆಡಿಟ್ ಕಾರ್ಡ್ ಸೇವೆಯ ಬಡ್ಡಿಯನ್ನು ಈ ವಿನಾಯಿತಿಯಿಂದ ಹೊರಗಿಡಲಾಗಿದೆ. ಹೀಗಾಗಿ ಒಂದು ಲಕ್ಷ ರೂಪಾಯಿ ಬಾಕಿಗೆ ತಿಂಗಳಿಗೆ 3,500 ರೂಪಾಯಿ ಬಡ್ಡಿ, 630 ರೂಪಾಯಿ ತೆರಿಗೆ, ಒಟ್ಟು 4,130 ರೂಪಾಯಿ ವೆಚ್ಚವಾಗುತ್ತದೆ.

ಕಾರ್ಡಿನ ಬಡ್ಡಿಗೆ ಕಾನೂನಿನ ಮೇಲ್ಮಿತಿ ಇದೆ ಎಂದು ಕೆಲವರು ಇಂದಿಗೂ ನಂಬಿದ್ದಾರೆ. ವಾರ್ಷಿಕ ಶೇ 30ಕ್ಕಿಂತ ಹೆಚ್ಚಿನ ಬಡ್ಡಿ ಅನುಚಿತ ವ್ಯಾಪಾರ ಪದ್ಧತಿ ಎಂದು ರಾಷ್ಟ್ರೀಯ ಗ್ರಾಹಕ ವ್ಯಾಜ್ಯ ಪರಿಹಾರ ಆಯೋಗ 2008ರಲ್ಲಿ ತೀರ್ಪು ನೀಡಿದ್ದು ನಿಜ. ಆದರೆ 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಆ ತೀರ್ಪನ್ನು ರದ್ದುಪಡಿಸಿತು. ಆದ್ದರಿಂದ ಆ ಮಿತಿಯನ್ನು ನೆಚ್ಚಿಕೊಂಡು ಕುಳಿತುಕೊಳ್ಳುವಂತಿಲ್ಲ.

ಶುಲ್ಕವೆಂಬ ಮುಂಗಡ ಬಡ್ಡಿ

ಈಗ ಹೊಸ ಕಾರ್ಡಿನ ಕೊಡುಗೆಯನ್ನು ನೋಡೋಣ. 60 ದಿನ ಶೂನ್ಯ ಬಡ್ಡಿ, ಸಂಸ್ಕರಣಾ ಶುಲ್ಕ ಶೇ 2 ಎಂದಿಟ್ಟುಕೊಳ್ಳಿ. ಒಂದು ಲಕ್ಷ ರೂಪಾಯಿಗೆ ಶುಲ್ಕ 2,000 ರೂಪಾಯಿ. ಅದರ ಮೇಲಿನ ಜಿಎಸ್‌ಟಿ 360 ರೂಪಾಯಿ. ಒಟ್ಟು 2,360 ರೂಪಾಯಿ ಮೊದಲ ಬಿಲ್ಲಿನಲ್ಲೇ ಸೇರುತ್ತದೆ.

ಶೇ 2 ಎಂಬುದು ಕೇಳಲು ಸಣ್ಣದು. ಆದರೆ ಅದು ವರ್ಷದ ದರವಲ್ಲ, ಎರಡು ತಿಂಗಳ ದರ. ತೆರಿಗೆಯೂ ಸೇರಿ ಶೇ 2.36 ಆಗುವ ಈ ವೆಚ್ಚವನ್ನು ವರ್ಷದ ಆರು ಅವಧಿಗಳಿಗೆ ಹರಡಿದರೆ ಶೇ 14.16 ಆಗುತ್ತದೆ. ಪೂರ್ತಿ ಒಂದು ಲಕ್ಷ ರೂಪಾಯಿಯನ್ನು 60ನೆಯ ದಿನದವರೆಗೂ ಇಟ್ಟುಕೊಂಡರೆ ಮಾತ್ರ ಇಷ್ಟು. ಅರ್ಧ ಹಣವನ್ನು ಮೊದಲೇ ಕಟ್ಟಿದರೂ ಶುಲ್ಕ ವಾಪಸು ಬರುವುದಿಲ್ಲವಾದ್ದರಿಂದ, ವಾಸ್ತವಿಕ ದರ ಇನ್ನೂ ಹೆಚ್ಚಾಗುತ್ತದೆ. ಶೂನ್ಯ ಬಡ್ಡಿ ಎಂದು ಕರೆದದ್ದು ವಾಸ್ತವದಲ್ಲಿ ಮುಂಗಡವಾಗಿ ವಸೂಲು ಮಾಡಿದ ಬಡ್ಡಿಯೇ.

ಹೀಗಿದ್ದರೂ ಹಳೆಯ ಕಾರ್ಡಿಗೆ ಹೋಲಿಸಿದರೆ ಇದು ಅಗ್ಗ. ಅಲ್ಲಿ ಎರಡು ತಿಂಗಳಿಗೆ 8,260 ರೂಪಾಯಿ ಆಗುತ್ತಿದ್ದ ವೆಚ್ಚ ಇಲ್ಲಿ 2,360 ರೂಪಾಯಿಗೆ ಇಳಿಯುತ್ತದೆ. ಉಳಿತಾಯ 5,900 ರೂಪಾಯಿ. ಏಳು ವಾರಗಳಲ್ಲಿ ಚೀಟಿಯ ಹಣ ಕೈಸೇರುವುದು ಖಚಿತವಿರುವವರಿಗೆ, ಠೇವಣಿಯೊಂದರ ಅವಧಿ ಮುಗಿಯಲಿರುವವರಿಗೆ ಅಥವಾ ಬೋನಸ್ ಘೋಷಣೆಯಾಗಿರುವವರಿಗೆ ಈ ಕೊಡುಗೆ ಹೇಳಿ ಮಾಡಿಸಿದಂತಿದೆ. ತೊಂದರೆ ಇರುವುದು ತಿಂಗಳ ಸಂಬಳದಿಂದ ಸ್ವಲ್ಪ ಸ್ವಲ್ಪವಾಗಿ ತೀರಿಸಬೇಕಾದವರಿಗೆ.

ಅರವತ್ತು ದಿನಗಳಲ್ಲಿ ಎಷ್ಟು ಸಂಬಳ?

ಒಂದು ನಿದರ್ಶನವನ್ನು ದಿನಾಂಕ ಸಹಿತ ಪರಿಶೀಲಿಸಬಹುದು. ಏಪ್ರಿಲ್ 10ರಂದು ವರ್ಗಾವಣೆ ದಾಖಲಾಯಿತು. 60 ದಿನ ಜೂನ್ 9ಕ್ಕೆ ಮುಗಿಯುತ್ತದೆ. ಹೊಸ ಕಾರ್ಡಿನ ಬಿಲ್ ಪ್ರತಿ ತಿಂಗಳ 18ರಂದು ಸಿದ್ಧವಾಗುತ್ತದೆ ಮತ್ತು ಅದನ್ನು ಕಟ್ಟಲು 20 ದಿನ ಕಾಲಾವಕಾಶವಿದೆ. ಏಪ್ರಿಲ್ 18ರ ಬಿಲ್ಲಿಗೆ ಮೇ 8 ಕೊನೆಯ ದಿನ. ಮೇ 18ರ ಬಿಲ್ಲಿಗೆ ಜೂನ್ 7 ಕೊನೆಯ ದಿನ. ಮುಂದಿನ ಬಿಲ್ ಬರುವುದು ಜೂನ್ 18ರಂದು. ಆಗ ಗಡುವು ಮುಗಿದು ಒಂಬತ್ತು ದಿನಗಳಾಗಿರುತ್ತವೆ.

ಗಮನಿಸಬೇಕಾದ ಅಂಶವೆಂದರೆ ಗಡುವು ಬಿಲ್ಲಿನ ದಿನಾಂಕವನ್ನು ಅನುಸರಿಸುವುದಿಲ್ಲ. ಮೂರನೆಯ ಬಿಲ್ ನೋಡಿ ಕಟ್ಟೋಣ ಎಂದು ಕಾಯುವವರು ಜುಲೈ 8ರ ಹೊತ್ತಿಗೆ ಸುಮಾರು ನಾಲ್ಕು ವಾರಗಳ ಬಡ್ಡಿಗೆ ಗುರಿಯಾಗಿರುತ್ತಾರೆ. ಮೇಲಾಗಿ, ಎರಡನೆಯ ಬಿಲ್ಲಿನಲ್ಲಿ ಎದ್ದು ಕಾಣುವ ಕನಿಷ್ಠ ಪಾವತಿ ಮೊತ್ತ ಬಾಕಿಯ ಒಂದು ಸಣ್ಣ ಪಾಲು ಮಾತ್ರ. ಹಲವು ಕಾರ್ಡುಗಳಲ್ಲಿ ಅದು ಶೇ 5ರ ಆಸುಪಾಸಿನಲ್ಲಿರುತ್ತದೆ. ಅಷ್ಟನ್ನು ಕಟ್ಟಿದವರಿಗೆ ತಾವು ಹೇಳಿದ್ದನ್ನು ಪಾಲಿಸಿದ್ದೇವೆಂಬ ಸಮಾಧಾನ ಇರುತ್ತದೆ, ಉಳಿದ ಶೇ 95ರ ಮೇಲೆ ಕೆಲವೇ ದಿನಗಳಲ್ಲಿ ಬಡ್ಡಿ ಶುರುವಾಗುವುದು ಗಮನಕ್ಕೆ ಬರುವುದಿಲ್ಲ.

ಗಡುವಿನೊಳಗೆ ಸಾಲ ಮುಗಿಸಬೇಕಾದರೆ ಶುಲ್ಕವೂ ಸೇರಿ 1,02,360 ರೂಪಾಯಿಯನ್ನು ಎರಡೇ ಪಾವತಿಗಳಲ್ಲಿ, ಅಂದರೆ ತಲಾ 51,180 ರೂಪಾಯಿಯಂತೆ ಕಟ್ಟಬೇಕು. ಕೊಡುಗೆಯನ್ನು ಒಪ್ಪುವ ಮೊದಲು ಗ್ರಾಹಕರು ತಮ್ಮನ್ನು ತಾವು ಕೇಳಿಕೊಳ್ಳಬೇಕಾದ ಪ್ರಶ್ನೆ ಇದೊಂದೇ: ಈ ಮೊತ್ತ ಎಲ್ಲಿಂದ ಬರುತ್ತದೆ? ತಿಂಗಳಿಗೆ ಐವತ್ತು ಸಾವಿರ ಉಳಿಸಬಲ್ಲವರಿಗೆ ಕಾರ್ಡಿನಲ್ಲಿ ಒಂದು ಲಕ್ಷ ಬಾಕಿ ನಿಲ್ಲುವುದೇ ಅಪರೂಪ.

ನಾಲ್ಕು ದಾರಿಗಳ ಹೋಲಿಕೆ

ಮೇಲಿನ ನಿದರ್ಶನದ ಗ್ರಾಹಕರು ಮನೆ ಬಾಡಿಗೆ, ಮಕ್ಕಳ ಶಾಲಾ ಶುಲ್ಕ ಎಲ್ಲ ಕಳೆದು ತಿಂಗಳಿಗೆ 10,000 ರೂಪಾಯಿಯನ್ನು ಸಾಲಕ್ಕಾಗಿ ಎತ್ತಿಡಬಲ್ಲರು ಎಂದು ಭಾವಿಸೋಣ. ಅವರು ಮೊದಲ ಎರಡು ಬಿಲ್ಲುಗಳಿಗೆ 20,000 ರೂಪಾಯಿ ಕಟ್ಟುತ್ತಾರೆ. ಅದರಲ್ಲಿ 2,360 ರೂಪಾಯಿ ಶುಲ್ಕಕ್ಕೆ ಹೋಗಿ, ಅಸಲಿಗೆ 17,640 ರೂಪಾಯಿ ಸಲ್ಲುತ್ತದೆ. ಗಡುವು ಮುಗಿದಾಗ 82,360 ರೂಪಾಯಿ ಉಳಿದಿರುತ್ತದೆ. ಹೊಸ ಕಾರ್ಡಿನ ಮಾಮೂಲು ಬಡ್ಡಿಯೂ ತಿಂಗಳಿಗೆ ಶೇ 3.5 ಆಗಿದ್ದರೆ, ಮುಂದಿನ ತಿಂಗಳ ಬಡ್ಡಿ ಮತ್ತು ತೆರಿಗೆ ಸೇರಿ ಸುಮಾರು 3,400 ರೂಪಾಯಿ. ಅವರು ಕಟ್ಟುವ ಹತ್ತು ಸಾವಿರದಲ್ಲಿ ಮೂರನೆಯ ಒಂದು ಭಾಗ ಬಡ್ಡಿಗೇ ಸಲ್ಲುತ್ತದೆ. ಈ ಸಾಲ ಮುಗಿಯಲು ಗಡುವಿನ ನಂತರ ಇನ್ನೂ ಹತ್ತು ತಿಂಗಳಿಗೆ ಮೇಲ್ಪಟ್ಟು ಬೇಕು.

ಈಗ ಇದೇ ಗ್ರಾಹಕರಿಗೆ ಲಭ್ಯವಿರುವ ಬೇರೆ ದಾರಿಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಬಹುದು. ಒಂದು, ಸಾಲವನ್ನು ಹಳೆಯ ಕಾರ್ಡಿನಲ್ಲೇ ಬಿಟ್ಟು ತಿಂಗಳಿಗೆ 10,000 ರೂಪಾಯಿ ಕಟ್ಟುವುದು. ಎರಡು, ಮೇಲೆ ಹೇಳಿದ ಶೂನ್ಯ ಬಡ್ಡಿಯ ವರ್ಗಾವಣೆ. ಮೂರು, 12 ತಿಂಗಳ ಕಂತಿನ ವರ್ಗಾವಣೆ. ಇಳಿಯುವ ಅಸಲಿನ ಮೇಲೆ ತಿಂಗಳಿಗೆ ಶೇ 1.5 ಬಡ್ಡಿ, ಶುಲ್ಕ ಶೇ 1 ಎಂದುಕೊಳ್ಳೋಣ. ಕಂತು 9,168 ರೂಪಾಯಿ. ಬಡ್ಡಿಯ ಮೇಲಿನ ತೆರಿಗೆ ಪ್ರತ್ಯೇಕ. ಶುಲ್ಕವೂ ಸೇರುವ ಮೊದಲ ತಿಂಗಳು ಮಾತ್ರ ಪಾವತಿ ಹತ್ತು ಸಾವಿರವನ್ನು ತುಸು ಮೀರುತ್ತದೆ. ನಾಲ್ಕು, ಬ್ಯಾಂಕಿನಿಂದ ವಾರ್ಷಿಕ ಶೇ 16ರ ದರದಲ್ಲಿ, ಶೇ 2 ಶುಲ್ಕ ಕೊಟ್ಟು, ಒಂದು ವರ್ಷದ ವೈಯಕ್ತಿಕ ಸಾಲ ಪಡೆದು ಹಳೆಯ ಕಾರ್ಡನ್ನು ಪೂರ್ತಿ ತೀರಿಸುವುದು. ಅಸಲು ಒಂದು ಲಕ್ಷ ಬಿಟ್ಟು, ಬಡ್ಡಿ, ಶುಲ್ಕ, ತೆರಿಗೆಗಳೆಲ್ಲ ಸೇರಿ ತಗಲುವ ಒಟ್ಟು ವೆಚ್ಚ ಸ್ಥೂಲವಾಗಿ ಹೀಗಿದೆ:

- ಹಳೆಯ ಕಾರ್ಡಿನಲ್ಲೇ ಮುಂದುವರಿದರೆ: 31,600 ರೂಪಾಯಿ
- 60 ದಿನದ ಶೂನ್ಯ ಬಡ್ಡಿ ವರ್ಗಾವಣೆ: 22,700 ರೂಪಾಯಿ
- 12 ತಿಂಗಳ ಕಂತಿನ ವರ್ಗಾವಣೆ: 13,000 ರೂಪಾಯಿ
- ವೈಯಕ್ತಿಕ ಸಾಲ: 11,200 ರೂಪಾಯಿ

ಶೂನ್ಯ ಎಂಬ ಹೆಸರಿನದು ಶೇ 18ರ ಹೆಸರಿನದಕ್ಕಿಂತ ಸುಮಾರು ಹತ್ತು ಸಾವಿರ ರೂಪಾಯಿ ತುಟ್ಟಿಯಾಗಿದೆ. ಕಾರಣ ಸರಳ. ರಿಯಾಯಿತಿ ದೊರೆತದ್ದು ಎರಡು ತಿಂಗಳಿಗೆ, ಸಾಲ ಇದ್ದದ್ದು ಒಂದು ವರ್ಷ. ಉಳಿದ ಹತ್ತು ತಿಂಗಳ ದರವೇ ಒಟ್ಟು ವೆಚ್ಚವನ್ನು ನಿರ್ಧರಿಸಿತು. ವೈಯಕ್ತಿಕ ಸಾಲಕ್ಕೆ ಇನ್ನೊಂದು ಅನುಕೂಲವೂ ಇದೆ: ಅದರ ಶುಲ್ಕಕ್ಕೆ ಜಿಎಸ್‌ಟಿ ಇದ್ದರೂ ಬಡ್ಡಿಗೆ ಇಲ್ಲ. ಆದರೆ ಆ ಸಾಲ ಎಲ್ಲರಿಗೂ ಸಿಗುವುದಿಲ್ಲ. ಕಾರ್ಡಿನ ಪಾವತಿಯಲ್ಲಿ ಈಗಾಗಲೇ ತಪ್ಪಿರುವವರಿಗೆ ದರ ಏರಬಹುದು ಅಥವಾ ಅರ್ಜಿಯೇ ತಿರಸ್ಕೃತವಾಗಬಹುದು.

ಕಂತಿನ ಕೊಡುಗೆಯಲ್ಲಿ ಒಂದು ಎಚ್ಚರಿಕೆ ಅಗತ್ಯ. ದರವನ್ನು ಇಳಿಯುವ ಅಸಲಿನ ಮೇಲೆ ಹೇಳುತ್ತಿದ್ದಾರೆಯೇ, ಅಥವಾ ಆರಂಭದ ಪೂರ್ತಿ ಮೊತ್ತದ ಮೇಲೆ ಹೇಳುತ್ತಿದ್ದಾರೆಯೇ ಎಂದು ಕೇಳಬೇಕು. ಪೂರ್ತಿ ಮೊತ್ತದ ಮೇಲೆ ಲೆಕ್ಕ ಹಾಕುವ ವಾರ್ಷಿಕ ಶೇ 12ರ ಫ್ಲಾಟ್ ದರ, ಇಳಿಯುವ ಅಸಲಿನ ಲೆಕ್ಕದಲ್ಲಿ ಶೇ 21ನ್ನೂ ಮೀರುತ್ತದೆ. ಕಂತಿನ ಮೊತ್ತವನ್ನು ಕಂತುಗಳ ಸಂಖ್ಯೆಯಿಂದ ಗುಣಿಸಿ, ಅಸಲನ್ನು ಕಳೆದರೆ ಬಡ್ಡಿ ಎಷ್ಟೆಂಬುದು ಯಾರಿಗೂ ತಿಳಿಯುತ್ತದೆ.

ಖಾಲಿಯಾದ ಹಳೆಯ ಕಾರ್ಡು

ಮೇಲಿನ ಪಟ್ಟಿಯಲ್ಲಿ ಶೂನ್ಯ ಬಡ್ಡಿಯ ವರ್ಗಾವಣೆ ಮೂರನೆಯ ಸ್ಥಾನದಲ್ಲಿದ್ದರೂ, ಏನೂ ಮಾಡದೆ ಇರುವುದಕ್ಕಿಂತ ಮೇಲು ಎಂಬುದು ಸ್ಪಷ್ಟ. ಹಾಗಾದರೆ ಜನ ಇದರಲ್ಲಿ ಇನ್ನಷ್ಟು ಸಾಲಗಾರರಾಗುವುದು ಹೇಗೆ? ಉತ್ತರ ಹಳೆಯ ಕಾರ್ಡಿನಲ್ಲಿದೆ.

ವರ್ಗಾವಣೆಯಾದ ದಿನ ಹಳೆಯ ಕಾರ್ಡಿನ ಬಾಕಿ ಇಳಿದು, ಅದರ ಮಿತಿ ಮತ್ತೆ ತೆರೆದುಕೊಳ್ಳುತ್ತದೆ. ತುಂಬಿದ್ದ ಕೊಡ ಬರಿದಾಯಿತು, ಮತ್ತೆ ತುಂಬಲು ಅಡ್ಡಿಯಿಲ್ಲ. ಹಬ್ಬ, ಮದುವೆ, ಶಾಲೆಯ ಆರಂಭ ಎಂದು ಎರಡು ತಿಂಗಳಲ್ಲಿ ಅದರ ಮೇಲೆ 40,000 ರೂಪಾಯಿ ಖರ್ಚಾಯಿತು ಎನ್ನಿ. ಆ ಬಿಲ್ಲನ್ನು ಪೂರ್ತಿ ಕಟ್ಟಲಾಗದೆ ಅದರ ಮೇಲೂ ಬಡ್ಡಿ ಓಡತೊಡಗಿದರೆ, ಎರಡು ಕಾರ್ಡುಗಳ ಒಟ್ಟು ಬಾಕಿ 1,22,360 ರೂಪಾಯಿ ಆಗುತ್ತದೆ. ತಿಂಗಳ ಬಡ್ಡಿ ಮತ್ತು ತೆರಿಗೆ 5,000 ರೂಪಾಯಿಯನ್ನು ದಾಟುತ್ತದೆ. ತಿಂಗಳಿಗೆ ಎತ್ತಿಡುವ ಹತ್ತು ಸಾವಿರದಲ್ಲಿ ಅರ್ಧಕ್ಕಿಂತ ಹೆಚ್ಚು ಬಡ್ಡಿಗೇ ಹೋಗಿ, ಸಾಲ ಮುಗಿಯಲು ಮತ್ತೆ 17 ತಿಂಗಳಿಗಿಂತ ಹೆಚ್ಚು ಬೇಕಾಗುತ್ತದೆ. ಒಟ್ಟು ವೆಚ್ಚ 54,000 ರೂಪಾಯಿಯ ಸನಿಹಕ್ಕೆ ಬರುತ್ತದೆ. ಒಂದು ಲಕ್ಷದ ಸಾಲದಿಂದ ಪಾರಾಗಲು ಹೊರಟವರು ಎರಡು ತಿಂಗಳಲ್ಲಿ ಒಂದೂಕಾಲು ಲಕ್ಷದ ಹತ್ತಿರ ಬಂದು ನಿಂತಿರುತ್ತಾರೆ.

ಆದ್ದರಿಂದ ವರ್ಗಾವಣೆ ಮಾಡುವವರು ಅದೇ ದಿನ ಹಳೆಯ ಕಾರ್ಡಿನ ಬಳಕೆಯನ್ನು ನಿಲ್ಲಿಸಬೇಕು. ಬ್ಯಾಂಕಿನ ಆ್ಯಪ್‌ನಲ್ಲಿ ಅಂಗಡಿ ಹಾಗೂ ಆನ್‌ಲೈನ್ ವ್ಯವಹಾರಗಳನ್ನು ಬಂದ್ ಮಾಡುವ, ಮಿತಿಯನ್ನು ಇಳಿಸುವ ಸೌಲಭ್ಯವಿದೆ. ಪೂರ್ತಿ ಬೇಡವೆಂದಾದರೆ, ಬಾಕಿ ಎಲ್ಲ ತೀರಿದ ನಂತರ ಕಾರ್ಡನ್ನು ಮುಚ್ಚುವಂತೆ ಕೋರಬಹುದು. 2022ರ ಏಪ್ರಿಲ್‌ನಲ್ಲಿ ರಿಸರ್ವ್ ಬ್ಯಾಂಕ್ ಹೊರಡಿಸಿದ ನಿರ್ದೇಶನದಂತೆ, ಇಂಥ ಕೋರಿಕೆಯನ್ನು ಏಳು ಕೆಲಸದ ದಿನಗಳಲ್ಲಿ ಈಡೇರಿಸದ ವಿತರಕರು ದಿನಕ್ಕೆ 500 ರೂಪಾಯಿಯಂತೆ ಗ್ರಾಹಕರಿಗೆ ದಂಡ ಕೊಡಬೇಕಾಗುತ್ತದೆ.

ಹಳೆಯ ಕಾರ್ಡಿನಲ್ಲಿ ಮತ್ತೊಂದು ಸಣ್ಣ ತೊಡಕಿದೆ. ಹಣ ಅಲ್ಲಿಗೆ ತಲುಪಲು ಕೆಲವು ದಿನಗಳು ಬೇಕು. ಅಲ್ಲಿಯವರೆಗೆ ಬಡ್ಡಿ ಓಡುತ್ತಲೇ ಇರುತ್ತದೆ. ಕಳೆದ ಬಿಲ್ಲಿನ ದಿನದಿಂದ ಹಣ ತಲುಪುವವರೆಗೆ 12 ದಿನ ಆಯಿತೆಂದರೆ ಒಂದು ಲಕ್ಷಕ್ಕೆ ತೆರಿಗೆ ಸಹಿತ ಸುಮಾರು 1,630 ರೂಪಾಯಿ ಬಡ್ಡಿ ಮುಂದಿನ ಬಿಲ್ಲಿನಲ್ಲಿ ಬರುತ್ತದೆ. ಕಾರ್ಡು ಚುಕ್ತಾ ಆಯಿತೆಂದು ಭಾವಿಸಿ ಆ ಬಿಲ್ಲನ್ನು ತೆರೆಯದವರ ಮೇಲೆ ವಿಳಂಬ ಶುಲ್ಕ ಬೀಳುತ್ತದೆ, ಸಿಬಿಲ್‌ನಂತಹ ಸಂಸ್ಥೆಗಳ ದಾಖಲೆಯಲ್ಲಿ ಪಾವತಿ ತಪ್ಪಿದ ಕಲೆ ಉಳಿಯುತ್ತದೆ. ವರ್ಗಾವಣೆ ಮಂಜೂರಾಗಿದ್ದರೂ, ಹಣ ತಲುಪಿದ್ದು ಖಚಿತವಾಗುವವರೆಗೆ ಹಳೆಯ ಕಾರ್ಡಿನ ಕನಿಷ್ಠ ಮೊತ್ತವನ್ನು ಕಟ್ಟುವ ಹೊಣೆ ಗ್ರಾಹಕರದ್ದೇ.

ಹೊಸ ಕಾರ್ಡಿನಲ್ಲಿ ಖರೀದಿ ಮಾಡಬಹುದೇ?

ಮಾಡದಿರುವುದೇ ಲೇಸು. ರಿಯಾಯಿತಿ ದರ ವರ್ಗಾಯಿಸಿದ ಮೊತ್ತಕ್ಕೆ ಮಾತ್ರ. ಹೊಸ ಖರೀದಿಗೆ ಅಲ್ಲ. ಹಿಂದಿನ ಬಿಲ್ಲಿನ ಬಾಕಿ ಪೂರ್ತಿ ತೀರದಿದ್ದರೆ ಖರೀದಿಗೆ ಸಿಗಬೇಕಾದ ಬಡ್ಡಿರಹಿತ ದಿನಗಳು ರದ್ದಾಗುತ್ತವೆ ಎಂಬುದು ಕಾರ್ಡುಗಳ ಸಾಮಾನ್ಯ ನಿಯಮ. ವರ್ಗಾಯಿಸಿದ ಮೊತ್ತವೂ ಬಾಕಿಯೇ ಆದ್ದರಿಂದ, ಕಿರಾಣಿ ಸಾಮಾನಿಗೆ ಕಾರ್ಡು ಉಜ್ಜಿದ ದಿನದಿಂದಲೇ ಬಡ್ಡಿ ಶುರುವಾಗಬಹುದು.

ಇದಕ್ಕಿಂತ ಸೂಕ್ಷ್ಮವಾದ ವಿಷಯ ಪಾವತಿಯ ಹಂಚಿಕೆ. ಗ್ರಾಹಕರು ಕಟ್ಟಿದ ಹಣ ಮೊದಲು ಯಾವ ಬಾಕಿಗೆ ಸಲ್ಲಬೇಕೆಂಬುದನ್ನು ವಿತರಕರ ನಿಯಮಾವಳಿ ನಿರ್ಧರಿಸುತ್ತದೆ. ತೆರಿಗೆ, ಶುಲ್ಕ, ಬಡ್ಡಿಗಳ ನಂತರ ವರ್ಗಾವಣೆಯ ಬಾಕಿ, ಅದರ ನಂತರ ಖರೀದಿಯ ಬಾಕಿ ಎಂಬ ಕ್ರಮ ಹಲವೆಡೆ ಇದೆ. ಇದರ ಪರಿಣಾಮವಾಗಿ, ಬಡ್ಡಿಯೇ ಇಲ್ಲದ ಸಾಲ ಮೊದಲು ತೀರುತ್ತದೆ, ಶೇ 42ರ ಸಾಲ ಹಿಂದೆ ಉಳಿಯುತ್ತದೆ. 8,000 ರೂಪಾಯಿಯ ಖರೀದಿ ಮಾಡಿ 10,000 ರೂಪಾಯಿ ಕಟ್ಟಿದವರು ಖರೀದಿಯ ಹಣ ಚುಕ್ತಾ ಆಯಿತೆಂದು ತಿಳಿಯುತ್ತಾರೆ. ಲೆಕ್ಕದ ಪುಸ್ತಕದಲ್ಲಿ ಆ 8,000 ರೂಪಾಯಿ ಹಾಗೆಯೇ ಉಳಿದು, ತಿಂಗಳಿಗೆ ಸುಮಾರು 330 ರೂಪಾಯಿ ವೆಚ್ಚ ಹುಟ್ಟಿಸುತ್ತಿರುತ್ತದೆ. ಶೂನ್ಯ ಬಡ್ಡಿಯ ಅವಧಿಯಲ್ಲೇ ಬಿಲ್ಲಿನಲ್ಲಿ ಬಡ್ಡಿಯ ಸಾಲು ಕಾಣಿಸಿಕೊಂಡರೆ, ಬಹುತೇಕ ಇದೇ ಅದರ ಮೂಲ.

ಕಾರ್ಡಿನಿಂದ ಕಾರ್ಡಿಗೆ

ಗಡುವು ಸಮೀಪಿಸಿದಾಗ ಉಳಿದ ಬಾಕಿಯನ್ನು ಮೂರನೆಯ ಕಾರ್ಡಿಗೆ ಸಾಗಿಸುವ ಆಲೋಚನೆ ಕೆಲವರಿಗೆ ಬರುತ್ತದೆ. ಒಂದು ಲಕ್ಷ ರೂಪಾಯಿಯನ್ನು ಹೀಗೆ ಎರಡೆರಡು ತಿಂಗಳಿಗೊಮ್ಮೆ ಸಾಗಿಸಿದರೆ ವರ್ಷಕ್ಕೆ ಆರು ಬಾರಿ 2,360 ರೂಪಾಯಿ, ಅಂದರೆ 14,160 ರೂಪಾಯಿ ಶುಲ್ಕವಾಗಿ ಹೋಗುತ್ತದೆ. ಕಾರ್ಡಿನ ಬಡ್ಡಿಗೆ ಹೋಲಿಸಿದರೆ ಕಡಿಮೆಯೇ. ಆದರೆ ಅಸಲು ಒಂದು ರೂಪಾಯಿಯೂ ಇಳಿದಿರುವುದಿಲ್ಲ. ಪ್ರತಿ ಬಾರಿಯೂ ಸಾಕಷ್ಟು ಮಿತಿಯುಳ್ಳ ಖಾಲಿ ಕಾರ್ಡು ಬೇಕು. ಪ್ರತಿ ಹೊಸ ಅರ್ಜಿಯೂ ಸಾಲದ ದಾಖಲೆಯಲ್ಲಿ ವಿಚಾರಣೆಯಾಗಿ ನಮೂದಾಗುತ್ತದೆ. ವರ್ಗಾವಣೆ ಕೊಡುಗೆ ಗ್ರಾಹಕರ ಹಕ್ಕಲ್ಲ, ವಿತರಕರ ಇಚ್ಛೆ. ಸಾಲ ಹೆಚ್ಚಿರುವವರಿಗೆ ಒಂದು ದಿನ ಕರೆ ಬರುವುದು ನಿಲ್ಲುತ್ತದೆ. ಆ ದಿನ ಯಾವ ಕಾರ್ಡಿನಲ್ಲಿ ಸಾಲವಿದೆಯೋ ಅಲ್ಲಿ ಶೇ 42 ಕಾದಿರುತ್ತದೆ.

ಒಪ್ಪುವ ಮುನ್ನ ಕೇಳಬೇಕಾದ್ದು

ಕರೆ ಮಾಡಿದವರ ಮಾತಿನ ಮೇಲೆಯೇ ಒಪ್ಪಿಗೆ ಕೊಡದೆ, ಷರತ್ತುಗಳನ್ನು ಇ-ಮೇಲ್‌ನಲ್ಲಿ ಕಳುಹಿಸುವಂತೆ ಕೇಳುವುದು ಒಳ್ಳೆಯದು. ಅದರಲ್ಲಿ ಈ ಐದು ಸಂಗತಿಗಳಿಗೆ ಉತ್ತರ ಇರಬೇಕು:

1. ರಿಯಾಯಿತಿ ಯಾವ ದಿನಾಂಕಕ್ಕೆ ಆರಂಭವಾಗಿ ಯಾವ ದಿನಾಂಕಕ್ಕೆ ಮುಗಿಯುತ್ತದೆ? ಎಷ್ಟು ದಿನ ಎಂಬ ಉತ್ತರ ಸಾಲದು.
2. ಶುಲ್ಕ ಎಷ್ಟು, ಅದಕ್ಕೆ ಕನಿಷ್ಠ ಮೊತ್ತವಿದೆಯೇ, ಜಿಎಸ್‌ಟಿ ಸೇರಿದೆಯೇ?
3. ಅವಧಿಯ ನಂತರ ಉಳಿದ ಹಣಕ್ಕೆ ತಿಂಗಳ ಬಡ್ಡಿ ಎಷ್ಟು?
4. ಒಂದು ಪಾವತಿ ತಪ್ಪಿದರೆ ರಿಯಾಯಿತಿ ರದ್ದಾಗುತ್ತದೆಯೇ? ಹಲವು ಕೊಡುಗೆಗಳಲ್ಲಿ ಇಂಥ ಷರತ್ತು ಇರುತ್ತದೆ.
5. ಕಂತಿನ ರೂಪದ್ದಾದರೆ, ಮೊದಲೇ ತೀರಿಸಿದಾಗ ದಂಡ ಎಷ್ಟು?

ದಿನಾಂಕ ಗೊತ್ತಾದ ಮೇಲೆ ಅದಕ್ಕೆ ನಾಲ್ಕೈದು ದಿನ ಮುಂಚಿನ ದಿನವನ್ನು ತಮ್ಮ ಗಡುವಾಗಿ ಗುರುತಿಟ್ಟುಕೊಳ್ಳಬೇಕು. ಬೇರೆ ಬ್ಯಾಂಕಿನಿಂದ ಕಳುಹಿಸಿದ ಹಣ ಕಾರ್ಡಿನ ಖಾತೆಗೆ ಜಮಾ ಆಗಲು ಒಂದೆರಡು ದಿನ ಹಿಡಿಯುವುದುಂಟು. ಕಾರ್ಡಿನ ಬಿಲ್ಲಿಗೆ ಬ್ಯಾಂಕ್ ಖಾತೆಯಿಂದ ಸ್ವಯಂಚಾಲಿತ ಪಾವತಿ ಇಟ್ಟಿರುವವರು, ಅದು ಕನಿಷ್ಠ ಮೊತ್ತಕ್ಕೆ ಇದೆಯೋ ಪೂರ್ತಿ ಮೊತ್ತಕ್ಕೆ ಇದೆಯೋ ಎಂಬುದನ್ನೂ ಪರಿಶೀಲಿಸಬೇಕು.

ಬಿಲ್ ತಪ್ಪಾಗಿದ್ದರೆ

ಅವಧಿ ಮುಗಿಯುವ ಮೊದಲೇ ವರ್ಗಾವಣೆಯ ಮೊತ್ತಕ್ಕೆ ಬಡ್ಡಿ ಹಾಕಿದ್ದರೆ ಅಥವಾ ಹೇಳಿದ್ದಕ್ಕಿಂತ ಹೆಚ್ಚು ಶುಲ್ಕ ವಸೂಲಾಗಿದ್ದರೆ, ಇ-ಮೇಲ್‌ನಲ್ಲಿರುವ ಷರತ್ತುಗಳೇ ಸಾಕ್ಷಿ. 2022ರ ನಿರ್ದೇಶನದಲ್ಲಿ ಗ್ರಾಹಕರಿಗೆ ನೆರವಾಗುವ ಅಂಶಗಳಿವೆ. ಕಟ್ಟದೆ ಉಳಿದ ಶುಲ್ಕ ಮತ್ತು ತೆರಿಗೆಗಳನ್ನು ಅಸಲಿಗೆ ಸೇರಿಸಿ ಅದರ ಮೇಲೆ ಬಡ್ಡಿ ಹಾಕುವಂತಿಲ್ಲ. ಕನಿಷ್ಠ ಮೊತ್ತವನ್ನು ಕಟ್ಟುತ್ತಿದ್ದರೂ ಸಾಲ ಬೆಳೆಯುತ್ತಲೇ ಹೋಗುವ ರೀತಿಯಲ್ಲಿ ಆ ಮೊತ್ತವನ್ನು ನಿಗದಿಪಡಿಸುವಂತಿಲ್ಲ. ಪಾವತಿಯ ಕೊನೆಯ ದಿನ ಕಳೆದು ಮೂರು ದಿನಗಳಿಗಿಂತ ಹೆಚ್ಚಾದರೆ ಮಾತ್ರ ವಿಳಂಬ ಶುಲ್ಕ ವಿಧಿಸಬಹುದು.

ದೂರನ್ನು ಮೊದಲು ಕಾರ್ಡ್ ವಿತರಕರಿಗೆ ಬರಹದಲ್ಲಿ ಸಲ್ಲಿಸಿ, ದೂರಿನ ಸಂಖ್ಯೆಯನ್ನು ಕಾದಿಟ್ಟುಕೊಳ್ಳಬೇಕು. 30 ದಿನಗಳಲ್ಲಿ ಉತ್ತರ ಬಾರದಿದ್ದರೆ ಅಥವಾ ಬಂದ ಉತ್ತರ ತೃಪ್ತಿಕರವಾಗಿಲ್ಲದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ cms.rbi.org.in ಜಾಲತಾಣದ ಮೂಲಕ ದೂರು ನೀಡಬಹುದು. ಇದಕ್ಕೆ ಶುಲ್ಕವಿಲ್ಲ. ಆದರೆ ಗಡುವು ಮುಗಿದ ಮೇಲೆ ಷರತ್ತಿನ ಪ್ರಕಾರವೇ ಬಿದ್ದ ಶೇ 42ರ ಬಡ್ಡಿಗೆ ಒಂಬುಡ್ಸ್‌ಮನ್ ಬಳಿಯೂ ಪರಿಹಾರ ಸಿಗಲಾರದು. ಅಂಥ ಸ್ಥಿತಿಗೆ ಈಗಾಗಲೇ ತಲುಪಿರುವವರು ಅದೇ ಕಾರ್ಡಿನ ವಿತರಕರನ್ನು ಸಂಪರ್ಕಿಸಿ, ಉಳಿದ ಬಾಕಿಯನ್ನು ಕಂತುಗಳಾಗಿ ಪರಿವರ್ತಿಸುವಂತೆ ಕೇಳಬಹುದು. ನಮ್ಮ ನಿದರ್ಶನದ 82,360 ರೂಪಾಯಿಯ ಬಡ್ಡಿ ತಿಂಗಳಿಗೆ ಶೇ 3.5ರಿಂದ ಶೇ 1.5ಕ್ಕೆ ಇಳಿದರೆ, ಮೊದಲ ತಿಂಗಳಲ್ಲೇ ತೆರಿಗೆ ಸಹಿತ ಸುಮಾರು 1,940 ರೂಪಾಯಿ ಉಳಿಯುತ್ತದೆ.